ಮೊದಲು ನೆನಪಾದ ಹೆಸರು: ನಮ್ಮೊಳಗಿನ ಪೂರ್ವಗ್ರಹವನ್ನು ಹಿಡಿದು ಬರೆಯುವ ಬಗೆ

ಮಧ್ಯಾಹ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕೈಗಡಿಯಾರ ಸಂಜೆ ನೋಡಿದರೆ ಇಲ್ಲ. ಅವತ್ತು ಮನೆಗೆ ಬಂದವರು ಮೂರು ಜನ. ಸಹೋದ್ಯೋಗಿಯೊಬ್ಬರು ಫೈಲ್ ಕೊಡಲು ಬಂದಿದ್ದರು. ನೀರಿನ ಫಿಲ್ಟರ್ ರಿಪೇರಿಗೆ ಒಬ್ಬ ಬಂದಿದ್ದ. ಕೆಲಸದವಳು ಬಂದಿದ್ದಳು. ನನ್ನ ತಲೆಯಲ್ಲಿ ಮೊದಲು ಎದ್ದ ಹೆಸರು ಮೂರನೆಯದು.

ರಿಪೇರಿಯವನನ್ನು ನಾನು ಅದೇ ಮೊದಲ ಸಲ ನೋಡಿದ್ದು. ಕೆಲಸಕ್ಕೆ ಬರುವವರು ಐದು ವರ್ಷದಿಂದ ಬರುತ್ತಿದ್ದರು, ಒಂದು ಚಮಚವೂ ಕಡಿಮೆ ಆಗಿರಲಿಲ್ಲ. ಅನುಮಾನಕ್ಕೆ ಲೆಕ್ಕ ಅಂತ ಒಂದಿದ್ದರೆ ಅದು ಅಪರಿಚಿತನ ಕಡೆ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. ಹಾಗಾದರೆ ಅದು ನಾನು ಕಂಡದ್ದರಿಂದ ಹುಟ್ಟಿದ ಅನುಮಾನ ಅಲ್ಲ. ಯಾರೋ ಮೊದಲೇ ನನ್ನೊಳಗೆ ಇಟ್ಟು ಹೋದದ್ದು.

ಇಂಥದ್ದನ್ನು ಹಿಡಿಯುವುದು ಹೇಗೆ, ಹಿಡಿದ ಮೇಲೆ ಬರೆಯುವುದು ಹೇಗೆ ಅನ್ನುವುದನ್ನು ಈ ಒಂದೇ ಪ್ರಸಂಗ ಇಟ್ಟುಕೊಂಡು ಹೇಳುತ್ತೇನೆ. ಬರೆಯುವುದು ಕಷ್ಟ. ಬರೆದದ್ದು "ನೋಡಿ, ನಾನೆಷ್ಟು ಪ್ರಾಮಾಣಿಕ" ಅಂತ ಆಗದ ಹಾಗೆ ನೋಡಿಕೊಳ್ಳುವುದು ಇನ್ನೂ ಕಷ್ಟ. ನಾನು ನಾಲ್ಕು ಸಲ ಬರೆದೆ. ಮೂರು ಸಲ ಹಾಗೇ ಆಯಿತು.

ಮನಸ್ಸನ್ನು ಕೇಳಬೇಡಿ, ಕೈಯನ್ನು ನೋಡಿ

"ನನ್ನಲ್ಲಿ ಭೇದಭಾವ ಇದೆಯಾ?" ಅಂತ ನಮ್ಮನ್ನೇ ಕೇಳಿಕೊಂಡರೆ "ಇಲ್ಲ" ಅನ್ನುವ ಉತ್ತರ ರೆಡಿ ಇರುತ್ತದೆ. ಅದು ಸುಳ್ಳೂ ಅಲ್ಲ. ನಾವು ನಂಬುವುದು ಒಂದು, ನಮ್ಮೊಳಗೆ ತಾನಾಗಿ ಏಳುವುದು ಇನ್ನೊಂದು. ಪೆಟ್ರಿಷಿಯಾ ಡಿವೈನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ 1989ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಇದೇ ವ್ಯತ್ಯಾಸವನ್ನು ತೋರಿಸಿದರು. ಒಂದು ಗುಂಪಿನ ಬಗ್ಗೆ ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತು, ಅದನ್ನು ಒಪ್ಪದವರ ತಲೆಯಲ್ಲೂ ತಾನಾಗಿ ಏಳುತ್ತದೆ. ಒಪ್ಪುವವರಿಗೂ ಒಪ್ಪದವರಿಗೂ ವ್ಯತ್ಯಾಸ ಬರುವುದು ಎದ್ದ ಮೇಲೆ ಏನು ಮಾಡುತ್ತಾರೆ ಅನ್ನುವುದರಲ್ಲಿ. ಈ ಎರಡರ ನಡುವಿನ ಗೆರೆಯನ್ನು ನೆನಪಿಟ್ಟುಕೊಳ್ಳಿ, ಬರೆಯುವಾಗ ಮತ್ತೆ ಬೇಕಾಗುತ್ತದೆ.

ಹಾಗಾಗಿ ನಂಬಿಕೆಯನ್ನು ಬಿಟ್ಟು ಮೈಯನ್ನು ಗಮನಿಸಿ. ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಹದಿನೈದು ದಿನ ಮೂರು ಜಾಗ ನೋಡಿ. ಮೊದಲನೆಯದು ಕೈ. ಯಾರು ಪಕ್ಕ ಬಂದು ನಿಂತಾಗ ಕೈ ಪರ್ಸಿನ ಕಡೆ ಹೋಗುತ್ತದೆ, ಯಾರು ಬಂದಾಗ ಹೋಗುವುದಿಲ್ಲ? ಎರಡನೆಯದು ದನಿ. ಯಾರ ಹತ್ತಿರ ನಿಮ್ಮ ಮಾತು ನಿಧಾನ ಆಗುತ್ತದೆ, ಒಂದೇ ವಿಷಯವನ್ನು ಎರಡು ಸಲ ಹೇಳುತ್ತೀರಿ? ಮೂರನೆಯದು ಆಶ್ಚರ್ಯ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯ ಸುಳಿವು, ಏಕೆಂದರೆ ಇದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. "ಪರವಾಗಿಲ್ವೇ, ಎಷ್ಟು ಚೆನ್ನಾಗಿ ಬರೀತಾರೆ!" ಅಂತ ಯಾರ ಬಗ್ಗೆಯಾದರೂ ಅನ್ನಿಸಿದರೆ, ಬರೆಯಲು ಬರುವುದಿಲ್ಲ ಅಂತ ನಾವು ಮೊದಲೇ ಎಣಿಸಿದ್ದೆವು ಅಂತಲೇ ಅರ್ಥ.

ಒಂದು ಸಲ ಆದದ್ದನ್ನು ಹಿಡಿದುಕೊಂಡು ತೀರ್ಮಾನಕ್ಕೆ ಬರಬೇಡಿ. ಕತ್ತಲ ರಸ್ತೆಯಲ್ಲಿ ಹಿಂದೆ ಹೆಜ್ಜೆ ಕೇಳಿದರೆ ಯಾರಾದರೂ ಬ್ಯಾಗ್ ಬಿಗಿ ಹಿಡಿಯುತ್ತಾರೆ. ಅದೇ ಜಾಗ, ಅದೇ ಹೊತ್ತು ಇದ್ದು, ಮನುಷ್ಯ ಮಾತ್ರ ಬೇರೆ ಆದಾಗ ಕೈಯ ವರಸೆಯೂ ಬೇರೆ ಆಗುತ್ತದಾ ನೋಡಿ. ಆದರೆ ಅಲ್ಲಿ ಏನೋ ಇದೆ. ನನ್ನ ವಿಷಯದಲ್ಲಿ ಈ ಹೋಲಿಕೆ ತಾನಾಗಿ ಒದಗಿತ್ತು: ಒಂದೇ ಮನೆ, ಒಂದೇ ದಿನ, ಮೂರು ಜನ.

ಅದೇ ರಾತ್ರಿ, ಮಹಜರಿನ ಹಾಗೆ

ಹಿಡಿದ ದಿನವೇ ಬರೆದಿಡಿ. ನಾಳೆಗೆ ಬಿಟ್ಟರೆ ಮನಸ್ಸು ರಿಪೇರಿ ಕೆಲಸ ಶುರು ಮಾಡುತ್ತದೆ. "ನಾನು ಸುಮ್ನೆ ಕೇಳಿದೆ ಅಷ್ಟೆ" ಅನ್ನುವ ವಾಕ್ಯ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ಬರೆಯಬೇಕಾದದ್ದು ಮಹಜರು: ಏನಾಯಿತು, ಯಾವುದರ ನಂತರ ಯಾವುದು, ಯಾರು ಏನಂದರು. ಯಾಕೆ ಅನ್ನುವುದು ಬೇಡ. ಹೇಗನ್ನಿಸಿತು ಅನ್ನುವುದೂ ಬೇಡ. ನಾನು ಬರೆದದ್ದು ಹೀಗಿತ್ತು.

"ಸಂಜೆ ಗಡಿಯಾರ ಇಲ್ಲ ಅಂತ ಗೊತ್ತಾಯಿತು. ಅವಳ ಹೆಸರು ನೆನಪಾಯಿತು. ಮೇಜಿನ ಕೆಳಗೆ ಹುಡುಕಿದ್ದು ಆಮೇಲೆ. ಸಹೋದ್ಯೋಗಿಗೆ ಫೋನ್ ಮಾಡಲಿಲ್ಲ. ಫಿಲ್ಟರಿನವನಿಗೂ ಮಾಡಲಿಲ್ಲ. ಮರುದಿನ ಬೆಳಗ್ಗೆ ಅವಳನ್ನು ಕೇಳಿದೆ: 'ನಿನ್ನೆ ಮೇಜು ಒರೆಸುವಾಗ ಏನಾದ್ರೂ ಸಿಕ್ತಾ?' ಅವಳು 'ಇಲ್ಲಕ್ಕ' ಅಂದಳು. ನಾನು 'ಸರಿ' ಅಂದೆ. ಅವಳು ಇನ್ನೊಂದು ಸಲ ಮೇಜು ಒರೆಸಿದಳು."

ಅದರ ಮರುದಿನ ಇನ್ನೆರಡು ಸಾಲು ಸೇರಿದವು. ಕೆಲಸ ಮುಗಿಸಿ ಹೊರಡುವಾಗ ಅವರು ತಮ್ಮ ಚೀಲದ ಜಿಪ್ ಹಾಕಿರಲಿಲ್ಲ. ನನ್ನ ಮುಂದೆ ಒಂದು ಕ್ಷಣ ನಿಂತು, ಚೀಲವನ್ನು ಆ ಭುಜದಿಂದ ಈ ಭುಜಕ್ಕೆ ಬದಲಾಯಿಸಿಕೊಂಡು ಹೋದರು. ಒಳಗೆ ಒಂದು ಟವೆಲ್, ನೀರಿನ ಬಾಟಲಿ ಕಂಡವು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ನಾಲ್ಕನೇ ದಿನ ಗಡಿಯಾರ ನನ್ನದೇ ಕೋಟಿನ ಒಳಜೇಬಿನಲ್ಲಿ ಸಿಕ್ಕಿತು.

ಇಲ್ಲಿ ಒಂದು ಎಚ್ಚರ. ಗಡಿಯಾರ ಸಿಕ್ಕಿದ್ದರಿಂದ ಈ ಕಥೆ ಸಲೀಸಾಗಿ ಕಾಣುತ್ತದೆ: ತಪ್ಪು ಅನುಮಾನ, ಆಮೇಲೆ ಸತ್ಯ. ಆದರೆ ಸಿಗದೇ ಇದ್ದಿದ್ದರೆ? ಅಥವಾ ಅವರೇ ತೆಗೆದುಕೊಂಡಿದ್ದರೆ? ಆಗಲೂ ನನ್ನ ತಪ್ಪು ಇಷ್ಟೇ ಇರುತ್ತಿತ್ತು. ಮೇಜಿನ ಕೆಳಗೆ ಬಗ್ಗಿ ನೋಡುವ ಮೊದಲೇ ಹೆಸರು ನೆನಪಾಗಿತ್ತಲ್ಲ, ವಿಷಯ ಅದು. ನಿಮ್ಮ ಪ್ರಸಂಗವನ್ನೂ ಹೀಗೆ ಒರೆಗೆ ಹಚ್ಚಿ. ಕೊನೆಯನ್ನು ತೆಗೆದು ಓದಿ. ಕೊನೆ ಇಲ್ಲದೆ ಬರಹ ನಿಲ್ಲದಿದ್ದರೆ, ನೀವು ಬರೆಯುತ್ತಿರುವುದು ಕಳೆದು ಸಿಕ್ಕ ವಸ್ತುವಿನ ಕಥೆ, ಪೂರ್ವಗ್ರಹದ್ದಲ್ಲ.

ಮನೆಯಲ್ಲಿ ಕೇಳಿದ ವಾಕ್ಯ

ಮುಂದಿನ ಕೆಲಸ, ಅದು ಯಾರ ಬಾಯಿಂದ ಬಂತು ಅಂತ ಹುಡುಕುವುದು. "ಸಮಾಜ ಕಲಿಸಿತು" ಅಂತ ಬರೆದರೆ ಅದು ಏನೂ ಹೇಳಿದ ಹಾಗಲ್ಲ. ಒಂದು ದನಿ, ಒಂದು ಕೋಣೆ, ಒಂದು ವಾಕ್ಯ ಸಿಗುವವರೆಗೆ ಹಿಂದೆ ಹೋಗಿ.

ನನಗೆ ಸಿಕ್ಕಿದ್ದು ಅಮ್ಮನ ಮಾತು. ಕೆಲಸದವರು ಬರುವ ಹೊತ್ತಿಗೆ ಅಮ್ಮ ಮೇಜಿನ ಮೇಲಿದ್ದ ಚಿಲ್ಲರೆ, ಉಂಗುರ ಎಲ್ಲವನ್ನೂ ಎತ್ತಿ ಬೀರುವಿನಲ್ಲಿ ಇಡುತ್ತಿದ್ದಳು. ಯಾಕೆ ಅಂತ ನಾನು ಕೇಳಿದ್ದಕ್ಕೆ, "ಪಾಪ, ಕಣ್ಣೆದುರು ಇಟ್ಟು ಆಸೆ ಹುಟ್ಟಿಸಬಾರದು" ಅಂದಿದ್ದಳು.

ಈ ವಾಕ್ಯವನ್ನು ಹತ್ತಿರದಿಂದ ನೋಡಿ. ಇದರಲ್ಲಿ "ಕಳ್ಳರು" ಅನ್ನುವ ಪದ ಇಲ್ಲ. ಬೈಗುಳ ಇಲ್ಲ. "ಪಾಪ" ಇದೆ. ಕೇಳಿದರೆ ಕರುಣೆ ಅನ್ನಿಸುತ್ತದೆ. ಅದಕ್ಕೇ ಇದು ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದೆ ಉಳಿಯಿತು. ಕೆಟ್ಟ ಮಾತಾಗಿದ್ದರೆ ಹದಿಹರೆಯದಲ್ಲೇ ಅಮ್ಮನ ಜೊತೆ ಜಗಳ ಆಡಿ ಬಿಸಾಕಿರುತ್ತಿದ್ದೆ. ಪರಂಪರೆಯಿಂದ ಬರುವ ಪೂರ್ವಗ್ರಹ ಬಹಳ ಸಲ ದ್ವೇಷದ ರೂಪದಲ್ಲಿ ಬರುವುದಿಲ್ಲ. ಮನೆವಾರ್ತೆಯ ಜಾಣ್ಮೆಯಾಗಿ, ಮಕ್ಕಳ ಮೇಲಿನ ಕಾಳಜಿಯಾಗಿ, ಕೆಲವೊಮ್ಮೆ ತಮಾಷೆಯಾಗಿ ಬರುತ್ತದೆ. ನಿಮ್ಮದನ್ನು ಹುಡುಕುವಾಗ ಬೈದದ್ದನ್ನು ಹುಡುಕಬೇಡಿ. ಒಳ್ಳೆಯ ದನಿಯಲ್ಲಿ ಹೇಳಿದ್ದನ್ನು ಹುಡುಕಿ.

ಸಿಕ್ಕಿದ ಮೇಲೆ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದೆ. ಎರಡನೇ ಕರಡಿನಲ್ಲಿ ಒಂದೂವರೆ ಪುಟ ಅಮ್ಮನ ಬಗ್ಗೆಯೇ ಇತ್ತು. ಅವಳ ಕಾಲ, ಅವಳ ಭಯ, ಅವಳಿಗೆ ಸಿಗದ ಓದು. ಓದಿದರೆ ನಾನು ಬಲಿಪಶು, ಅಮ್ಮ ಅಪರಾಧಿ. ಈಗ ನನಗೆ ನಲವತ್ತು ದಾಟಿದೆ. ಅಮ್ಮ ಆ ಮಾತು ಹೇಳಿದ್ದು ಒಂದು ಸಲ. ಆಮೇಲೆ ಚಿಲ್ಲರೆಯನ್ನು ಬೀರುವಿಗೆ ಎತ್ತಿಟ್ಟವಳು ನಾನು, ನನ್ನ ಸ್ವಂತ ಮನೆಯಲ್ಲಿ, ವಾರಕ್ಕೆ ಆರು ದಿನ. ಬರಹದಲ್ಲಿ ಅಮ್ಮನಿಗೆ ಎರಡು ಸಾಲು ಸಾಕು, ಉಳಿದದ್ದು ನನ್ನದು. ಈ ಅಳತೆ ಎಲ್ಲರಿಗೂ ಹೊಂದುತ್ತದೆ ಅಂತ ಹೇಳಲಾರೆ. ಆದರೆ ಕೊಟ್ಟವರಿಗಿಂತ ಇಟ್ಟುಕೊಂಡವರಿಗೆ ಜಾಸ್ತಿ ಸಾಲು ಇರಬೇಕು.

ಕನ್ನಡದ ಕ್ರಿಯಾಪದ ನಮ್ಮನ್ನು ಕಾಪಾಡುವ ಬಗೆ

ಈಗ ಬರೆಯುವುದು. ಇಲ್ಲಿ ನಮ್ಮ ಭಾಷೆಯ ಎರಡು ಗುಣಗಳ ಮೇಲೆ ಕಣ್ಣಿಡಬೇಕು.

ಒಂದು, ತಪ್ಪಿಸಿಕೊಳ್ಳುವ ದಾರಿಗಳು. "ನನಗೆ ಅನುಮಾನ ಬಂತು" ಅನ್ನುತ್ತೇವೆ. ಅನುಮಾನ ನೆಂಟರ ಹಾಗೆ ತಾನಾಗಿ ಬಂತು, ನಾನು ಸುಮ್ಮನೆ ಕೂತಿದ್ದೆ ಅನ್ನುವ ಹಾಗೆ. "ಕೇಳಿಬಿಟ್ಟೆ" ಅನ್ನುತ್ತೇವೆ. ಆ "ಬಿಟ್ಟೆ"ಯಲ್ಲಿ ಕೈಮೀರಿ ಹೋಯಿತು ಅನ್ನುವ ಒಂದು ಕ್ಷಮಾಪಣೆ ಅಡಗಿದೆ. "ಬಾಯಿಂದ ಬಂದುಹೋಯಿತು" ಅಂತೂ ಇನ್ನೂ ಸುಲಭ, ಅಲ್ಲಿ ಮನುಷ್ಯನೇ ಇಲ್ಲ.

ಎಲ್ಲವನ್ನೂ ಹೊಡೆದು ಹಾಕಿ ಅನ್ನುತ್ತಿಲ್ಲ. ಮೇಲೆ ಹೇಳಿದ ಗೆರೆ ನೆನಪಿದೆಯಲ್ಲ, ತಾನಾಗಿ ಎದ್ದದ್ದು ಮತ್ತು ಎದ್ದ ಮೇಲೆ ಮಾಡಿದ್ದು. ಹೆಸರು ನೆನಪಾದದ್ದು ನಿಜಕ್ಕೂ ತಾನಾಗಿ. ಅಲ್ಲಿ "ನನಗೆ ನೆನಪಾಯಿತು" ಸರಿಯಾದ ಪದವೇ. ಆದರೆ ರಾತ್ರಿಯಿಡೀ ಯೋಚಿಸಿ, ಬೆಳಗ್ಗೆ ಅವರು ಬರುವವರೆಗೆ ಕಾದು ಕೇಳಿದ್ದು ತಾನಾಗಿ ಆದದ್ದಲ್ಲ. ಅಲ್ಲಿ "ಕೇಳಿಬಿಟ್ಟೆ" ಸುಳ್ಳು. "ಕೇಳಿದೆ" ಅಂತಲೇ ಬರೆಯಬೇಕು. ಕರಡನ್ನು ಕೈಯಲ್ಲಿ ಹಿಡಿದು ಪ್ರತಿಯೊಂದು ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ಕೇಳಿ: ಇದು ನನಗೆ ಆದದ್ದಾ, ನಾನು ಮಾಡಿದ್ದಾ? ನನ್ನ ಮೊದಲ ಕರಡಿನಲ್ಲಿ ಐದು "ಬಿಟ್ಟೆ" ಇದ್ದವು, ಕೊನೆಯದರಲ್ಲಿ ಒಂದೂ ಇಲ್ಲ.

ಎರಡು, ಗೌರವದ ಏಕವಚನ-ಬಹುವಚನ. ಈ ಲೇಖನದ ಮೊದಲ ಪ್ಯಾರಾಕ್ಕೆ ಹೋಗಿ ನೋಡಿ. ಸಹೋದ್ಯೋಗಿ ಬಂದಿದ್ದರು. ರಿಪೇರಿಯವನು ಬಂದಿದ್ದ. ಕೆಲಸದವಳು ಬಂದಿದ್ದಳು. ಒಂದೇ ಕ್ರಿಯಾಪದ, ಮೂರು ಬಾಲ. ಯಾರಿಗೆ ಎಷ್ಟು ಮರ್ಯಾದೆ ಅನ್ನುವುದನ್ನು ನಾನು ಬೇರೆ ಹೇಳಬೇಕಾಗಿಯೇ ಇಲ್ಲ, ವ್ಯಾಕರಣವೇ ಹೇಳಿತು. ಕೆಲಸಕ್ಕೆ ಬರುವವರು ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ಅವರು ನನ್ನನ್ನು "ಅಕ್ಕ" ಅನ್ನುತ್ತಾರೆ, ನಾನು ಅವರನ್ನು "ನೀನು" ಅನ್ನುತ್ತೇನೆ. ಇದು ನನಗೆ ಗೊತ್ತಾದದ್ದು ಬರೆದ ಮೇಲೆ, ಅದೂ ಮೂರನೇ ಸಲ ಓದುವಾಗ.

ಗೊತ್ತಾದ ತಕ್ಷಣ ನಾನು ಮಾಡಿದ್ದು ಎಲ್ಲ ಕಡೆ "ಅವಳು" ಅಳಿಸಿ "ಅವರು" ಹಾಕಿದ್ದು. ಅದೂ ತಪ್ಪಾಯಿತು. ಬರಹದಲ್ಲಿ ನಾನು ಬಹಳ ಮರ್ಯಾದಸ್ಥೆಯಾಗಿ ಕಾಣತೊಡಗಿದೆ, ಆ ದಿನ ಹಾಗಿರಲಿಲ್ಲ. ಕೊನೆಗೆ ಉಳಿಸಿಕೊಂಡ ರೀತಿ ಇದು: ಆವತ್ತಿನ ಮಾತು, ಆವತ್ತಿನ ಯೋಚನೆ ಇದ್ದ ಹಾಗೇ "ಅವಳು". ಇವತ್ತು ಹೇಳುವಾಗ "ಅವರು". ಯಾಕೆ ಬದಲಾಯಿತು ಅಂತ ವಿವರಣೆ ಕೊಡುವುದಿಲ್ಲ. ಓದುವವರಿಗೆ ಕಾಣುತ್ತದೆ.

ಬೆನ್ನು ತಟ್ಟಿಕೊಳ್ಳುವ ಸಾಲುಗಳು

ಮೂರನೇ ಕರಡಿನ ಕೊನೆಯ ಪ್ಯಾರಾ ಹೀಗಿತ್ತು, ನಾಚಿಕೆ ಬಿಟ್ಟು ಪೂರ್ತಿ ಕೊಡುತ್ತೇನೆ:

"ಗಡಿಯಾರ ಕೈಗೆ ಸಿಕ್ಕಾಗ ನನ್ನ ಕಣ್ಣು ತುಂಬಿ ಬಂತು. ಎಷ್ಟು ಸುಲಭವಾಗಿ ಒಬ್ಬ ಮುಗ್ಧ ಜೀವದ ಮೇಲೆ ಅನುಮಾನ ಪಟ್ಟೆನಲ್ಲ ಅಂತ ನನ್ನನ್ನು ನಾನೇ ಕ್ಷಮಿಸಲಾಗಲಿಲ್ಲ. ಹೆಚ್ಚಿನವರು ಇಂಥ ಯೋಚನೆಗಳನ್ನು ಒಪ್ಪಿಕೊಳ್ಳುವುದೇ ಇಲ್ಲ. ಆ ದಿನದಿಂದ ನಾನು ಬೇರೆಯೇ ಮನುಷ್ಯಳಾದೆ."

ನಾಲ್ಕು ವಾಕ್ಯ, ನಾಲ್ಕೂ ನನ್ನ ಪರವಾಗಿ ವಾದ ಮಾಡುತ್ತಿವೆ. ಮೊದಲನೆಯದು ಕಣ್ಣೀರನ್ನು ಸಾಕ್ಷಿಗೆ ಕರೆಯುತ್ತದೆ. ನಿಜ ಹೇಳಬೇಕೆಂದರೆ ಅತ್ತಿರಲಿಲ್ಲ, ಗಡಿಯಾರ ಸಿಕ್ಕಿದ್ದಕ್ಕೆ ಖುಷಿ ಆಗಿತ್ತು. ಎರಡನೆಯದರಲ್ಲಿ "ಮುಗ್ಧ ಜೀವ" ಇದೆ. ಐದು ವರ್ಷದಿಂದ ನೋಡುತ್ತಿರುವ, ತಮ್ಮದೇ ಸಿಟ್ಟು, ತಮ್ಮದೇ ಲೆಕ್ಕಾಚಾರ ಇರುವ ಹೆಂಗಸನ್ನು ಒಂದು ಕುರಿಮರಿ ಮಾಡಿಟ್ಟಿದ್ದೆ. ಅದು ಅನುಮಾನದ ಇನ್ನೊಂದು ಮುಖ, ಅಷ್ಟೆ. ಮೂರನೆಯದು "ಹೆಚ್ಚಿನವರು" ಅಂತ ಹೇಳಿ ನನ್ನನ್ನು ಒಂದು ಮೆಟ್ಟಿಲು ಮೇಲೆ ನಿಲ್ಲಿಸುತ್ತದೆ. ನಾಲ್ಕನೆಯದು ಪರಿಶೀಲಿಸಲಾಗದ ಮಾತು. ಬೇರೆ ಮನುಷ್ಯಳಾದೆ ಅಂತ ಹೇಳಲು ನನಗೇನು ಹಕ್ಕು?

ನಾಲ್ಕನ್ನೂ ಹೊಡೆದೆ. ಉಳಿದದ್ದು ಇಷ್ಟು: "ನಾಲ್ಕನೇ ದಿನ ಗಡಿಯಾರ ಕೋಟಿನ ಒಳಜೇಬಿನಲ್ಲಿ ಸಿಕ್ಕಿತು. ಸಿಕ್ಕಿತು ಅಂತ ಅವರಿಗೆ ಹೇಳಲು ನನಗೆ ಮತ್ತೆ ಎರಡು ದಿನ ಬೇಕಾಯಿತು." ಎರಡನೇ ವಾಕ್ಯ ಮೊದಲ ಮೂರು ಕರಡುಗಳಲ್ಲಿ ಇರಲೇ ಇಲ್ಲ ಅನ್ನುವುದನ್ನು ಗಮನಿಸಿ. ಕಣ್ಣೀರು ಆ ಜಾಗವನ್ನು ಆಕ್ರಮಿಸಿಕೊಂಡಿತ್ತು. ಬೆನ್ನು ತಟ್ಟಿಕೊಳ್ಳುವ ಸಾಲು ಇದ್ದ ಕಡೆ, ಅದರ ಅಡಿಯಲ್ಲಿ ಹೇಳದೆ ಬಿಟ್ಟ ಒಂದು ಸಂಗತಿ ಇರುತ್ತದಾ ಅಂತ ಕೆದಕಿ ನೋಡಿ.

ಅತಿಯಾಗಿ ಬೈದುಕೊಳ್ಳುವುದೂ ಇದೇ ಜಾತಿಯದು. "ನಾನು ನೀಚಳು" ಅಂತ ಬರೆದರೆ ಓದುವವರು "ಛೆ, ಇಲ್ಲ ಬಿಡಿ" ಅನ್ನಲೇಬೇಕಾಗುತ್ತದೆ.

ಹದಿನೆಂಟನೇ ಶತಮಾನದ ಚಿಂತಕ ರೂಸೋನ ಆತ್ಮಕಥೆಯಲ್ಲಿ ಇದಕ್ಕೆ ಹತ್ತಿರದ ಪ್ರಸಂಗವೊಂದಿದೆ. 1728ರಲ್ಲಿ, ಟ್ಯೂರಿನ್ ನಗರದ ಒಂದು ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿದ್ದಾಗ ಹುಡುಗ ರೂಸೋ ಒಂದು ಹಳೆಯ ರಿಬ್ಬನ್ ಕದ್ದ. ಸಿಕ್ಕಿಬಿದ್ದಾಗ, ಅದನ್ನು ಕೊಟ್ಟವಳು ಅಡುಗೆಯ ಹುಡುಗಿ ಮರಿಯೋನ್ ಅಂದ. ಇಬ್ಬರನ್ನೂ ಕೆಲಸದಿಂದ ತೆಗೆದರು. ತನ್ನ ಸುಳ್ಳನ್ನು ಅವನು ಮುಚ್ಚಿಡದೆ ಹೇಳುತ್ತಾನೆ, ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಮುಂದೆ ಕಾರಣ ಕೊಡಲು ಶುರು ಮಾಡುತ್ತಾನೆ. ಅವಳ ಮೇಲೆ ತನಗೆ ಪ್ರೀತಿ ಇತ್ತು, ರಿಬ್ಬನ್ ಅವಳಿಗೇ ಕೊಡಬೇಕೆಂದಿದ್ದೆ, ಅದಕ್ಕೇ ಅವಳ ಹೆಸರು ಬಾಯಿಗೆ ಬಂತು ಅನ್ನುತ್ತಾನೆ. ನಿಜವೂ ಇರಬಹುದು. ಆದರೆ ಆ ವಿವರಣೆ ಓದುವಷ್ಟು ಹೊತ್ತು ನಾವು ರೂಸೋನ ಮನಸ್ಸನ್ನು ನೋಡುತ್ತಿರುತ್ತೇವೆ, ಕೆಲಸ ಕಳೆದುಕೊಂಡ ಮರಿಯೋನ್ ಪುಟದಿಂದ ಹೊರಗೆ ಹೋಗಿರುತ್ತಾಳೆ.

ಒಪ್ಪಿಕೊಂಡ ಸಮಾಧಾನಕ್ಕೆ ಇನ್ನೊಂದು ಅಪಾಯವೂ ಇದೆ. ಬೆನ್ವಾ ಮೊನಾಂ ಮತ್ತು ಡೇಲ್ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಂಗಸರನ್ನು ಕೀಳು ಮಾಡುವ ಮಾತುಗಳನ್ನು ತಳ್ಳಿಹಾಕುವ ಅವಕಾಶ ಸಿಕ್ಕವರು, ಆಮೇಲೆ ಗಂಡಸರದ್ದು ಅಂತ ಎಣಿಸಿದ ಕೆಲಸಕ್ಕೆ ಗಂಡಸನ್ನೇ ಆರಿಸುವ ಕಡೆಗೆ ಹೆಚ್ಚು ವಾಲಿದರು. ನಾನು ಅಂಥವನಲ್ಲ ಅಂತ ತೋರಿಸಿ ಆಗಿದೆಯಲ್ಲ, ಇನ್ನು ಚಿಂತೆ ಇಲ್ಲ ಅನ್ನುವ ಹಾಗೆ. ಬರಹವೂ ಅಂಥ ಪ್ರಮಾಣಪತ್ರ ಆಗಬಹುದು.

ಹಾಗಾಗಿ ಕರಡನ್ನು ಒಬ್ಬರಿಗೆ ಓದಲು ಕೊಡಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. "ಓದಿದ ಮೇಲೆ ನನ್ನ ಮೇಲೆ ಗೌರವ ಜಾಸ್ತಿ ಆಯ್ತಾ?" ಅಂತ ಕೇಳಿ. ಹೌದು ಅಂದರೆ ಯಾವ ಸಾಲಿನಲ್ಲಿ ಅಂತ ಕೇಳಿ, ಆ ಸಾಲಿಗೆ ಮತ್ತೆ ಹೋಗಿ. ನನ್ನ ತಂಗಿ "ಕಣ್ಣೀರಿನ ಹತ್ತಿರ" ಅಂದಳು. ಆಮೇಲೆ, "ನೀನು ಯಾವಾಗ ಅತ್ತೆ?" ಅಂತಲೂ ಕೇಳಿದಳು.

ಇನ್ನೊಬ್ಬರ ಪಾಲು

ಚೀಲದ ಜಿಪ್ ತೆರೆದಿಟ್ಟದ್ದು ಅವರ ಕಥೆ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ, ಅದನ್ನು ಊಹಿಸಿ ಬರೆಯಲಿಲ್ಲ. ನಾನು ನೋಡಿದ್ದು ಎಷ್ಟೋ ಅಷ್ಟೇ. ಗುರುತು ಸಿಗುವ ಯಾವ ವಿವರವೂ ಇಡಲಿಲ್ಲ.

ಕ್ಷಮೆ ಕೇಳುವುದನ್ನು ಬರಹಕ್ಕೆ ಬಿಡಬೇಡಿ. ಅದು ಬಾಯಲ್ಲಿ, ಅವರ ಎದುರು, ಬರೆಯುವ ಮೊದಲೇ ಆಗಬೇಕು. ಆದರೆ ನೀವು ಅನುಮಾನಪಟ್ಟದ್ದು ಅವರಿಗೆ ಗೊತ್ತೇ ಇಲ್ಲದಿದ್ದರೆ, ಹೋಗಿ ಹೇಳುವುದು ನಿಮ್ಮ ಭಾರ ಇಳಿಸಿ ಅವರ ತಲೆ ಮೇಲೆ ಇಡುವುದಾಗುತ್ತದೆ. ಅಲ್ಲಿ ಸುಮ್ಮನಿರುವುದೇ ಸರಿ ಅಂತ ನನ್ನ ಅಭಿಪ್ರಾಯ. ನನ್ನ ವಿಷಯದಲ್ಲಿ ಅವರಿಗೆ ಗೊತ್ತಿತ್ತು. "ಗಡಿಯಾರ ನನ್ನ ಕೋಟಿನಲ್ಲೇ ಇತ್ತು. ನಿನ್ನನ್ನು ಕೇಳಿದ್ದು ತಪ್ಪಾಯ್ತು" ಅಂದೆ. "ಸಿಕ್ತಲ್ಲ ಅಕ್ಕ, ಬಿಡಿ" ಅಂದು ಬಕೆಟ್ ಎತ್ತಿಕೊಂಡು ಹೋದರು. ಅದು ಕ್ಷಮಿಸಿದ್ದೋ, ಮಾತು ಮುಗಿಸಿದ್ದೋ ತಿಳಿಯಲಿಲ್ಲ. ನಕ್ಕರು ಅಂತ ಬರೆಯಲು ಕೈ ತುಡಿಯಿತು. ನಕ್ಕಿರಲಿಲ್ಲ.

ಕೊನೆಯ ಸಾಲು ಯಾವುದಿರಬೇಕು ಅನ್ನುವುದಕ್ಕೆ ನಾನು ಅನುಸರಿಸುವುದು ಇಷ್ಟೇ: ಅರಿವಾದದ್ದರ ಮೇಲೆ ನಿಲ್ಲಿಸಬೇಡಿ, ಆಮೇಲೆ ನಡೆದ ಒಂದು ಸಂಗತಿಯ ಮೇಲೆ ನಿಲ್ಲಿಸಿ, ಅದು ನಿಮಗೆ ಅನುಕೂಲ ಆಗದಿದ್ದರೂ. ನನ್ನ ಬರಹ ನಿಂತದ್ದು ಇಲ್ಲಿ:

"ಮುಂದಿನ ವಾರ ಗಡಿಯಾರವನ್ನು ಬೇಕಂತಲೇ ಮೇಜಿನ ಮೇಲೆ ಬಿಟ್ಟು ಹೊರಗೆ ಹೋದೆ. ನಂಬಿಕೆ ತೋರಿಸಲು ಅಂದುಕೊಂಡಿದ್ದೆ. ವಾಪಸ್ ಬಂದು ಚಪ್ಪಲಿ ಬಿಡುವ ಮೊದಲೇ ಮೇಜಿನ ಕಡೆ ನೋಡಿದೆ."